ಎರಡರ ಮೇಲಿನ ಅಟ್ ದ ರೇಟ್ ಎಲ್ಲಿ ಹೋಯ್ತು?

ಶಿವಮೊಗ್ಗದಿಂದ ಭಾವನ ಫೋನು ಬಂದಾಗ ಬೆಳಗ್ಗೆ ಏಳೂವರೆ. ನಾನಿನ್ನೂ ಕಾಫಿಗೆ ಕಾಯುತ್ತಿದ್ದೆ.

“ನೋಡಯ್ಯಾ, ಈ ಲ್ಯಾಪ್‌ಟಾಪಿಗೆ ಏನೋ ಆಗಿದೆ. ಈಮೇಲ್ ವಿಳಾಸ ಹೊಡೆಯೋಕೇ ಆಗ್ತಿಲ್ಲ. ಎರಡರ ಮೇಲೆ ಅಟ್ ದ ರೇಟ್ ಇರ್ತದೆ ತಾನೆ? ಶಿಫ್ಟ್ ಹಿಡಿದು ಅದನ್ನ ಒತ್ತಿದರೆ ಡಬಲ್ ಕೋಟ್ ಬರ್ತಿದೆ.”

“ಹಾಗಾದ್ರೆ ಡಬಲ್ ಕೋಟ್ ಇರೋ ಕೀ ಒತ್ತಿ ನೋಡಿ ಭಾವ. ಎಂಟರ್ ಪಕ್ಕದಲ್ಲಿದೆಯಲ್ಲ, ಅದು. ಶಿಫ್ಟ್ ಹಿಡಿದೇ ಒತ್ತಿ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅರೆ, ಅಟ್ ದ ರೇಟ್ ಇಲ್ಲಿ ಬಂತು! ನಿಂಗೆ ಮೊದಲೇ ಗೊತ್ತಿತ್ತಾ?”

ಗೊತ್ತಿತ್ತು. ಇದು ತೀರ ಹಳೆಯ ಕಾಯಿಲೆ. ಲಕ್ಷಣ ಹೇಳಿದರೆ ಸಾಕು, ನಾಡಿ ಹಿಡಿಯುವುದೂ ಬೇಡ. ಆದರೆ ನನಗೆ ಫೋನು ಮಾಡುವ ಮೊದಲು ಭಾವ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಒಂದು ರಿಪೇರಿ ಅಂಗಡಿಗೆ ಹೋಗಿಬಂದಿದ್ದರು. ಅಲ್ಲಿನ ಹುಡುಗ ನಾಲ್ಕು ಕೀ ಒತ್ತಿ ನೋಡಿ, “ಕೀಬೋರ್ಡ್ ಶಾರ್ಟ್ ಆಗಿದೆ ಸರ್, ಹೊಸದು ಹಾಕ್ಬೇಕು, 1,800 ಆಗುತ್ತೆ” ಅಂದಿದ್ದ. ಭಾವ ದುಡ್ಡು ಬಿಚ್ಚುವ ವಿಷಯದಲ್ಲಿ ನಿಧಾನಸ್ಥರು. ಮನೆಗೆ ಬಂದು ಮೂಲೆಯಲ್ಲಿದ್ದ ಹಳೆಯ ಯುಎಸ್‌ಬಿ ಕೀಬೋರ್ಡನ್ನು ಅದಕ್ಕೆ ಚುಚ್ಚಿ ನೋಡಿದ್ದಾರೆ. ಅದರಲ್ಲೂ ಹಾಗೇ! ಎರಡು ಬೇರೆ ಬೇರೆ ಕೀಬೋರ್ಡುಗಳು ಒಂದೇ ದಿನ ಒಂದೇ ರೀತಿ ಕೆಡುವುದು ಹೇಗೆ ಎಂಬ ಅನುಮಾನ ಬಂದಮೇಲೇ ನನಗೆ ಫೋನು ಬಂದದ್ದು.

ಅವರ ಅನುಮಾನ ಸರಿಯಾಗಿತ್ತು. ಕೀಬೋರ್ಡ್ ಕೆಡುವುದಕ್ಕೂ ಒಂದು ರೀತಿಯಿದೆ. ಧೂಳು ಕೂತರೆ ಕೀ ಒತ್ತಿದರೂ ಅಕ್ಷರ ಬೀಳುವುದಿಲ್ಲ, ಇಲ್ಲವೇ ಒಂದು ಒತ್ತಿದರೆ ಎರಡು ಬೀಳುತ್ತದೆ. ಕಾಫಿ ಚೆಲ್ಲಿದರೆ ಒಂದು ಕೀ ಒತ್ತಿದಾಗ ಪಕ್ಕದ ನಾಲ್ಕು ಅಕ್ಷರ ಒಟ್ಟಿಗೆ ಮೂಡಬಹುದು, ಒಂದಿಡೀ ಸಾಲು ಸತ್ತುಹೋಗಬಹುದು. ಆದರೆ ದೂರದೂರದ ಎರಡು ಕೀಗಳು ಮಾತಾಡಿಕೊಂಡಂತೆ ತಮ್ಮ ಗುರುತನ್ನಷ್ಟೇ ಅದಲುಬದಲು ಮಾಡಿಕೊಂಡು, ಉಳಿದಂತೆ ತಾಜಾ ಕೆಲಸ ಮಾಡುವುದು ಯಾವ ಶಾರ್ಟ್‌ಗೂ ಸಾಧ್ಯವಿಲ್ಲ. ಎರಡರ ಕೀಯಲ್ಲಿ ಶಿಫ್ಟ್ ಇಲ್ಲದೆ ಒತ್ತಿದರೆ 2 ಸರಿಯಾಗಿಯೇ ಬರುತ್ತಿತ್ತು, ನೆನಪಿರಲಿ. ಕೀ ಕೆಟ್ಟಿದ್ದರೆ ಅದೂ ಬರಬಾರದಿತ್ತು.

ಹಾಗಾದರೆ ಆಗಿದ್ದೇನು? ಅದನ್ನು ತಿಳಿಯಲು ಮೊದಲು ಒಂದು ನಂಬಿಕೆಯನ್ನು ಬಿಡಬೇಕು. ಕೀಯ ಮೇಲೆ @ ಎಂದು ಅಚ್ಚಾಗಿದೆ, ಒತ್ತಿದರೆ ಕೀಬೋರ್ಡ್ ಕಂಪ್ಯೂಟರಿಗೆ @ ಅನ್ನೇ ಕಳಿಸುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಕಳಿಸುವುದಿಲ್ಲ. ಕೀಬೋರ್ಡಿಗೆ ಅಕ್ಷರಜ್ಞಾನವೇ ಇಲ್ಲ. ಅದಕ್ಕೆ ಗೊತ್ತಿರುವುದು ಜಾಗ ಮಾತ್ರ. ಕೀಗಳ ಕೆಳಗೆ ಅಡ್ಡ ಉದ್ದ ಹಾಸಿದ ತಂತಿಗಳ ಬಲೆಯಿದೆ. ಯಾವ ಅಡ್ಡ ತಂತಿ ಯಾವ ಉದ್ದ ತಂತಿಗೆ ತಾಗಿತು ಎಂದು ಒಳಗಿನ ಪುಟ್ಟ ಚಿಪ್ಪು ಸದಾ ನೋಡುತ್ತಿರುತ್ತದೆ. ತಾಗಿದ ಕೂಡಲೇ ಆ ಜಾಗಕ್ಕೆ ಗೊತ್ತುಮಾಡಿದ ಒಂದು ನಂಬರನ್ನು ಕಂಪ್ಯೂಟರಿಗೆ ರವಾನಿಸುತ್ತದೆ.

ಭಾವ ಆ ಹಳೆಯ ಯುಎಸ್‌ಬಿ ಕೀಬೋರ್ಡಿನಲ್ಲಿ ಎಡಗಡೆಯ ಶಿಫ್ಟ್ ಹಿಡಿದು ಎರಡನ್ನು ಒತ್ತಿದಾಗ ತಂತಿಯಲ್ಲಿ ಹರಿದದ್ದು ಈ ಎಂಟು ಬೈಟ್‌ಗಳು:

```
02 00 1F 00 00 00 00 00
```

ಮೊದಲಿನ 02 ಎಂದರೆ ‘ಎಡ ಶಿಫ್ಟ್ ಹಿಡಿದಿದ್ದಾರೆ’. ಮೂರನೆಯ 1F ಎಂದರೆ ನಮ್ಮ ಲೆಕ್ಕದಲ್ಲಿ 31, ಅಂದರೆ 31ನೇ ನಂಬರಿನ ಜಾಗ. ಅದರ ನಂತರದ ಸೊನ್ನೆಗಳು ‘ಬೇರೆ ಯಾವ ಕೀಯನ್ನೂ ಒತ್ತಿಲ್ಲ’ ಎಂಬುದಕ್ಕೆ. ಎಂಟರ್ ಪಕ್ಕದ ಕೀಯನ್ನು ಶಿಫ್ಟ್ ಜೊತೆ ಒತ್ತಿದಾಗ ಹೋದದ್ದು ಇಷ್ಟು:

```
02 00 34 00 00 00 00 00
```

ಎರಡರಲ್ಲೂ ಹುಡುಕಿ ನೋಡಿ, @ ಕೂಡ ಇಲ್ಲ, " ಕೂಡ ಇಲ್ಲ. ಕೀ ಮೇಲಿನ ಬರಹ ನಮ್ಮ ಕಣ್ಣಿಗಾಗಿ ಬಳಿದ ಬಣ್ಣ, ಅಷ್ಟೇ. ಸಂಜೆ ಹೊತ್ತಿಗೆ ಅದನ್ನೆಲ್ಲ ಉಜ್ಜಿ ಅಳಿಸಿ ಅರಿಶಿನ ಕುಂಕುಮ ಹಚ್ಚಿಟ್ಟರೂ ಕಂಪ್ಯೂಟರಿಗೆ ಏನೂ ವ್ಯತ್ಯಾಸ ತಿಳಿಯದು.

ನಂಬರನ್ನು ಅಕ್ಷರವಾಗಿಸುವ ಕೆಲಸ ಕಂಪ್ಯೂಟರಿನೊಳಗಿನ ಒಂದು ಕೋಷ್ಟಕದ್ದು. ಅದಕ್ಕೆ ಕೀಬೋರ್ಡ್ ಲೇಔಟ್ ಎಂದು ಹೆಸರು. (ಬೆಂಗಳೂರಿನವರಿಗೆ ಲೇಔಟ್ ಎಂದರೆ ಸೈಟು ನೆನಪಾಗುತ್ತದೆ. ಅದೂ ತಪ್ಪಲ್ಲ, ಇಲ್ಲೂ ಯಾವ ಸೈಟಿನಲ್ಲಿ ಯಾರು ವಾಸ ಎಂಬುದೇ ಪ್ರಶ್ನೆ.) ವಿಂಡೋಸ್‌ನಲ್ಲಿ ಒಂದೊಂದು ಲೇಔಟಿಗೂ ಒಂದೊಂದು ಪುಟ್ಟ ಫೈಲ್ ಇದೆ. ಅಮೆರಿಕದ ಕೋಷ್ಟಕ `kbdus.dll`, ಬ್ರಿಟನ್ನಿನದು `kbduk.dll`. ಶಿಫ್ಟ್ ಜೊತೆ ಎರಡರ ಜಾಗ ಒತ್ತಿದ ಸುದ್ದಿ ಬಂದರೆ ಮೊದಲನೆಯ ಕೋಷ್ಟಕ @ ಎನ್ನುತ್ತದೆ, ಎರಡನೆಯದು " ಎನ್ನುತ್ತದೆ. ಎಂಟರ್ ಪಕ್ಕದ ಜಾಗಕ್ಕೆ ಉತ್ತರಗಳು ತಿರುವುಮುರುವು.

ಹಾರ್ಮೋನಿಯಂ ನುಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ನಾಲ್ಕು ಎಂಬ ಮನೆಯನ್ನು ಒತ್ತಿದರೆ ಯಾವ ಸ್ವರ? ಹಾಡುವವರ ಶ್ರುತಿ ಬಿಳಿ ಒಂದಾದರೆ ಅದು ಮ. ಶ್ರುತಿ ಬಿಳಿ ನಾಲ್ಕೇ ಆದರೆ ಅದೇ ಮನೆ ಸ. ಮನೆ ಬದಲಾಗಲಿಲ್ಲ, ಬೆರಳೂ ಬದಲಾಗಲಿಲ್ಲ, ಎಣಿಕೆ ಎಲ್ಲಿಂದ ಶುರುವಾಯಿತು ಎಂಬುದು ಬದಲಾಯಿತು. ಭಾವನ ಲ್ಯಾಪ್‌ಟಾಪಿನಲ್ಲೂ ಕೀಬೋರ್ಡ್ ಒಂದು ಶ್ರುತಿಯಲ್ಲಿ, ವಿಂಡೋಸ್ ಇನ್ನೊಂದು ಶ್ರುತಿಯಲ್ಲಿ ಕೂತಿತ್ತು.

ನಮ್ಮ ದೇಶದಲ್ಲಿ ಮಾರುವ ಬಹುಪಾಲು ಲ್ಯಾಪ್‌ಟಾಪುಗಳ ಕೀಗಳ ಮೇಲೆ ಅಚ್ಚಾಗಿರುವುದು ಅಮೆರಿಕದ ಪದ್ಧತಿ. ಹಾಗಿರುವಾಗ ಶಿವಮೊಗ್ಗದ ಮನೆಗೆ ಬ್ರಿಟನ್ನಿನ ಲೇಔಟ್ ಬಂದದ್ದು ಎಲ್ಲಿಂದ ಎಂದರೆ ಮಗಳಿಂದ. ಅಕ್ಕನ ಮಗಳು ಇರುವುದು ಇಂಗ್ಲೆಂಡಿನಲ್ಲಿ. ಕಳೆದ ತಿಂಗಳು ರಜೆಗೆ ಬಂದವಳು ಇಲ್ಲೇ ಅಪ್ಪನಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸಿ, ವಿಂಡೋಸ್ ಮೊದಲ ಸಲ ತೆರೆದಾಗ ಕೇಳುವ ಪ್ರಶ್ನೆಗಳಿಗೆಲ್ಲ ತಾನೇ ಉತ್ತರಿಸಿ ಹೋಗಿದ್ದಳು. ಭಾಷೆ ಯಾವುದು ಎಂದಾಗ ಅಭ್ಯಾಸಬಲದಿಂದ English (United Kingdom) ಒತ್ತಿದ್ದಾಳೆ. ಆ ಭಾಷೆಯ ಬಾಲ ಹಿಡಿದು ಬ್ರಿಟಿಷ್ ಕೀಬೋರ್ಡ್ ತಾನಾಗಿ ಒಳಗೆ ಬಂದಿದೆ. ‘ಈ ಲೇಔಟ್ ಸರಿಯೇ?’ ಎಂದೂ ವಿಂಡೋಸ್ ಕೇಳಿರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಓದುತ್ತಾರೆಯೇ? ಎಲ್ಲರೂ ಒತ್ತುವುದು Yes.

ಇಂಗ್ಲೆಂಡಿನಲ್ಲಿ ಯಾರೂ ಇಲ್ಲದವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ನಾವು ಶಾಲೆಯಲ್ಲಿ ಕಲಿತ ಕಾಗುಣಿತ ಬ್ರಿಟಿಷರದು, ಆದ್ದರಿಂದ ಭಾಷೆಯೂ ಅದೇ ಇರಲಿ ಎಂದು ಆರಿಸುವವರಿದ್ದಾರೆ. ಆರಿಸಿದ್ದು ಕಾಗುಣಿತಕ್ಕೆಂದು, ಜೊತೆಗೆ ಬಂದದ್ದು ಕೀಬೋರ್ಡು. ಇನ್ನು ಎಂಜಿನಿಯರಿಂಗ್ ಓದುವ ಮಕ್ಕಳ ಕೈಯಲ್ಲಿರುವ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹುಟ್ಟಿದ್ದೇ ಬ್ರಿಟನ್ನಿನಲ್ಲಿ. ನಾವಾಗಿ ಬದಲಿಸದಿದ್ದರೆ ಅದು ಬ್ರಿಟಿಷ್ ಲೇಔಟನ್ನೇ ಹಿಡಿದು ಕೂರುತ್ತದೆ. ಪ್ರೋಗ್ರಾಂ ಬರೆಯುವಾಗ ಸಾಲಿಗೆ ಎರಡು ಸಲ ಡಬಲ್ ಕೋಟ್ ಬೇಕು, ಒತ್ತಿದಾಗೆಲ್ಲ @ ಬಂದರೆ ಪ್ರಾಜೆಕ್ಟಿನ ಆಸೆಯೇ ಬಿಟ್ಟುಹೋಗುತ್ತದೆ.

ಕೀಬೋರ್ಡ್ ತಾನು ಯಾವ ದೇಶದ್ದೆಂದು ಹೇಳಿಬಿಟ್ಟರೆ ಈ ರಗಳೆಯೇ ಇರುತ್ತಿರಲಿಲ್ಲವಲ್ಲ ಎಂದು ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಯುಎಸ್‌ಬಿ ಕೀಬೋರ್ಡುಗಳ ನಿಯಮ ಬರೆದವರು ಅದಕ್ಕೂ ಒಂದು ಜಾಗ ಬಿಟ್ಟಿದ್ದಾರೆ. ಕೀಬೋರ್ಡ್ ತನ್ನ ಪರಿಚಯ ಹೇಳಿಕೊಳ್ಳುವಾಗ ದೇಶದ ನಂಬರನ್ನೂ ಹೇಳಬಹುದು: ಬ್ರಿಟನ್ನಿಗೆ 32, ಅಮೆರಿಕಕ್ಕೆ 33. ಆದರೆ ಬಹುತೇಕ ತಯಾರಕರು ಆ ಜಾಗದಲ್ಲಿ ಸೊನ್ನೆ ಬರೆದು ಕೈತೊಳೆದುಕೊಳ್ಳುತ್ತಾರೆ. ಒಳಗಿನ ಸರ್ಕೀಟು ಎಲ್ಲ ದೇಶಕ್ಕೂ ಒಂದೇ ಇದ್ದು, ಮೇಲಿನ ಟೋಪಿ ಮಾತ್ರ ದೇಶಕ್ಕೊಂದು ಬಣ್ಣ ಬಳಿದು ಹಾಕಿದರೆ ಅವರಿಗೆ ಅಗ್ಗ. ಆ ಕಡೆ ಕಂಪ್ಯೂಟರೂ ಈ ನಂಬರನ್ನು ನೆಚ್ಚಿಕೊಳ್ಳುವುದಿಲ್ಲ. ಹಾಗಾಗಿ ಯಾವ ಕೋಷ್ಟಕ ಹಿಡಿಯಬೇಕೆಂದು ಕೊನೆಗೂ ಮನುಷ್ಯನೇ ಹೇಳಬೇಕು.

ಇಷ್ಟು ಕೇಳಿದ ಮೇಲೆ ಭಾವನಿಗೆ ಬ್ರಿಟಿಷರ ಮೇಲೆ ಸಿಟ್ಟು ಬಂತು. “ಇವರಿಗೇನು ಬಂದಿತ್ತು? ಅಮೆರಿಕದವರ ಹಾಗೇ ಇಟ್ಟುಕೊಂಡಿದ್ರೆ ಆಗ್ತಿರಲಿಲ್ವಾ?” ಎಂದರು. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಹಳೆಯ ಸಂಪ್ರದಾಯ ಬಿಡದೆ ಉಳಿದವರು ಬ್ರಿಟಿಷರು, ಮನೆ ಬದಲಿಸಿದವರು ಅಮೆರಿಕನ್ನರು. ಹಳೆಯ ಕೈ ಟೈಪ್‌ರೈಟರುಗಳಲ್ಲಿ, ಅಮೆರಿಕದವುಗಳಲ್ಲೂ, ಎರಡರ ಮೇಲೆ ಕೂರುತ್ತಿದ್ದುದು ಡಬಲ್ ಕೋಟೇ. 1963ರಲ್ಲಿ ಅಕ್ಷರಗಳಿಗೆಲ್ಲ ನಂಬರು ಕೊಡುವ ಆಸ್ಕಿ ಪಟ್ಟಿ ಬಂದಾಗಲೂ ಅದೇ ಜೋಡಿ ಉಳಿಯಿತು. ಅದರಲ್ಲಿ 2 ಎಂಬ ಅಂಕಿಯ ನಂಬರು 50, ಡಬಲ್ ಕೋಟಿನದು 34. ವ್ಯತ್ಯಾಸ ಸರಿಯಾಗಿ 16. ಕಂಪ್ಯೂಟರಿನ ಎರಡಂಕಿ ಲೆಕ್ಕದಲ್ಲಿ 16ರ ವ್ಯತ್ಯಾಸವೆಂದರೆ ಒಂದೇ ಒಂದು ಬಿಟ್ ತಿರುಗಿಸುವುದು. ಆಗಿನ ಟೆಲಿಟೈಪ್ ಯಂತ್ರಗಳಲ್ಲಿ ಶಿಫ್ಟ್ ಮಾಡುತ್ತಿದ್ದುದು ಅಷ್ಟೇ ಕೆಲಸ: ಒಂದು ಬಿಟ್ ತಿರುಗಿಸು, 2 ಹೋಗಿ " ಆಯಿತು. ಕೋಷ್ಟಕದ ಹಂಗೇ ಇಲ್ಲ.

ಆ ಯಂತ್ರಗಳಲ್ಲಿ @ ಎಲ್ಲಿತ್ತು ಗೊತ್ತೇ? P ಕೀಯ ಮೇಲೆ. P ನಂಬರು 80, @ ನಂಬರು 64. ಮತ್ತೆ ಅದೇ 16. ಈಮೇಲ್ ವಿಳಾಸದಲ್ಲಿ @ ಹಾಕುವ ರೂಢಿಯನ್ನು 1971ರಲ್ಲಿ ಶುರುಮಾಡಿದ ರೇ ಟಾಮ್ಲಿನ್‌ಸನ್ ಬಳಸುತ್ತಿದ್ದುದು ಅಂಥದ್ದೇ ಮಾಡೆಲ್ 33 ಟೆಲಿಟೈಪು. ಹೆಸರುಗಳ ನಡುವೆ ಎಲ್ಲೂ ಬಾರದ ಗುರುತು ಎಂದು ಅದನ್ನು ಆರಿಸಿದರು. ಅಲ್ಲಿಯವರೆಗೆ ಅದು ಅಂಗಡಿ ಲೆಕ್ಕದ ಗುರುತು. ಹತ್ತು ಮೂಟೆ, ಮೂಟೆಗೆ ಇಷ್ಟು ದರ ಎಂದು ಬರೆಯುವಾಗ ದರದ ಮುಂದೆ ಬೀಳುತ್ತಿತ್ತು. ನಾವು ಇಂದಿಗೂ ಅದನ್ನು ‘ಅಟ್ ದ ರೇಟ್’ ಎನ್ನುವುದು ಅದರಿಂದಲೇ.

ಅಮೆರಿಕದಲ್ಲಿ ದಾರಿ ಕವಲೊಡೆದದ್ದು ವಿದ್ಯುತ್ ಟೈಪ್‌ರೈಟರುಗಳಿಂದ. 1961ರಲ್ಲಿ ಐಬಿಎಂ ಕಂಪನಿ ಸೆಲೆಕ್ಟ್ರಿಕ್ ಎಂಬ ಯಂತ್ರ ತಂದಿತು. ವಿದ್ಯುತ್ ಯಂತ್ರದಲ್ಲಿ ಅಕ್ಷರ ಕಾಗದಕ್ಕೆ ಬಡಿಯುವ ಪೆಟ್ಟು ಬೆರಳಿನದಲ್ಲ, ಯಂತ್ರದ್ದು. ಚುಕ್ಕಿಯಷ್ಟಿರುವ ಕೋಟಿನ ಗುರುತಿಗೆ ದೊಡ್ಡ ಅಕ್ಷರದ ಪೆಟ್ಟು ಕೊಟ್ಟರೆ ಕಾಗದ ತೂತಾಗುತ್ತದೆ. ಸಿಂಗಲ್ ಕೋಟನ್ನೂ ಡಬಲ್ ಕೋಟನ್ನೂ ಒಂದೇ ಕೀಗೆ ಕೂರಿಸಿ ಆ ಕೀಗೆ ಮೆಲುಪೆಟ್ಟು ಕೊಟ್ಟರೆ ತೊಂದರೆಯಿಲ್ಲ. ಹಾಗೆ ಡಬಲ್ ಕೋಟ್ ಎಂಟರ್ ಪಕ್ಕಕ್ಕೆ ಗುಳೆ ಹೋಯಿತು, ಖಾಲಿಬಿದ್ದ ಎರಡರ ಮೇಲಿನ ಮನೆಗೆ @ ಬಂತು. ಮುಂದೆ ಅಮೆರಿಕದ ಕಂಪ್ಯೂಟರುಗಳು ಅದನ್ನೇ ಹಿಡಿದವು. ಬ್ರಿಟನ್ನಿನಲ್ಲಿ ಡಬಲ್ ಕೋಟ್ ಹಳೆಯ ಮನೆ ಬಿಡಲಿಲ್ಲ. ಎಂಟರ್ ಪಕ್ಕದ ಕೀಯಲ್ಲಿ ಉಳಿದ ಮನೆ @ ಪಾಲಿಗೆ ಹೋಯಿತು. ಭಾವನ ಗೋಳಿನ ಮೂಲ, ಕಾಗದ ತೂತಾಗದಿರಲೆಂದು ಯಾರೋ ಮಾಡಿದ ಉಪಾಯ.

ಇನ್ನು ಪತ್ತೆ ಮಾಡುವುದು ಹೇಗೆ ಎಂದರೆ, ನೋಟ್‌ಪ್ಯಾಡ್ ತೆರೆದು ಶಿಫ್ಟ್ ಜೊತೆ 3 ಒತ್ತಬೇಕು. ಕೀ ಮೇಲೆ # ಎಂದಿದ್ದು ಪರದೆಯ ಮೇಲೆ ಪೌಂಡಿನ £ ಬಂದರೆ ಬ್ರಿಟಿಷ್ ಲೇಔಟಿನ ಮೇಲೆ ಅನುಮಾನ ಪಡಬಹುದು. ಅದರ ಜೊತೆ @ ಮತ್ತು " ಅದಲುಬದಲಾಗಿದ್ದರೆ ಅನುಮಾನವೇ ಉಳಿಯುವುದಿಲ್ಲ. ಜೊತೆಗೂಡಿಸಿ ನೋಡುವುದು ಯಾಕೆಂದರೆ ಎರಡರ ಮೇಲೆ ಡಬಲ್ ಕೋಟ್ ಇಡುವ ದೇಶಗಳು ಬೇರೆಯೂ ಇವೆ. ಜರ್ಮನಿಯ ಲೇಔಟಿನಲ್ಲೂ ಅಲ್ಲಿ " ಬರುತ್ತದೆ, ಆದರೆ ಆಗ Y ಒತ್ತಿದರೆ Z ಬಂದು ಬೇರೆಯೇ ಗುಟ್ಟು ರಟ್ಟಾಗುತ್ತದೆ. ಫ್ರಾನ್ಸಿನ ಲೇಔಟಾದರೆ A ಒತ್ತಿದಾಗ Q. ಒಂದೊಂದಕ್ಕೂ ಅದರದೇ ಹೆಜ್ಜೆಗುರುತು.

ಭಾವನ ಲ್ಯಾಪ್‌ಟಾಪಿನಲ್ಲಿ £ ಬಂತು. ಎಂಟರ್ ಮೇಲಿನ, \ ಎಂದು ಅಚ್ಚಾದ ಕೀ ಒತ್ತಿಸಿದೆ, # ಬಂತು. “ಹಾಗಾದ್ರೆ ಆ ಓರೆಗೆರೆ ಎಲ್ಲಿ ಸಿಗ್ತದೆ?” ಎಂದರು. ಎಲ್ಲೂ ಇಲ್ಲ ಎಂದೆ. ತಮಾಷೆಯಲ್ಲ. ಬ್ರಿಟಿಷ್ ಕೀಬೋರ್ಡುಗಳಲ್ಲಿ ಎಡಗಡೆ ಶಿಫ್ಟ್‌ಗೂ Z ಕೀಗೂ ನಡುವೆ ಒಂದು ಹೆಚ್ಚಿನ ಕೀ ಇರುತ್ತದೆ. ಅವರ ಕೋಷ್ಟಕ \ ಗುರುತನ್ನು ಅಲ್ಲಿಟ್ಟಿದೆ. ನಮ್ಮ ಕೀಬೋರ್ಡುಗಳಲ್ಲಿ ಆ ಕೀಯೇ ಇಲ್ಲ. ಅಂದರೆ ಲೇಔಟ್ ತಪ್ಪಿದಾಗ ಕೆಲವು ಗುರುತುಗಳು ಸ್ಥಳ ಬದಲಿಸುತ್ತವೆ, ಒಂದೆರಡು ಮಾತ್ರ ಊರೇ ಬಿಟ್ಟು ಹೋಗುತ್ತವೆ. ಹುಡುಕುತ್ತ ಎಲ್ಲ ಕೀಗಳನ್ನೂ ಒತ್ತಿ ಸುಸ್ತಾಗುವವರಿಗೆ ಇದು ಗೊತ್ತಿರಬೇಕು. ತೀರ ಅವಸರವಿದ್ದರೆ, ಬಲಗಡೆ ಅಂಕಿಗಳ ಪ್ಯಾಡ್ ಇರುವ ಕೀಬೋರ್ಡಿನಲ್ಲಿ ಆಲ್ಟ್ ಹಿಡಿದು 92 ಒತ್ತಿ ಬಿಟ್ಟರೆ \ ಬೀಳುತ್ತದೆ.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ಪರದೆಯ ಬಲ ಮೂಲೆಯಲ್ಲಿ ಗಡಿಯಾರದ ಹತ್ತಿರ ENG ಎಂದೂ ಅದರ ಕೆಳಗೆ UK ಎಂದೂ ಕಾಣುತ್ತಿದ್ದರೆ ರೋಗ ಅಲ್ಲೇ ಬರೆದಿದೆ. ಲೇಔಟ್ ಒಂದೇ ಇರುವ ಕಂಪ್ಯೂಟರಿನಲ್ಲಿ ಈ ಸೂಚನೆ ಕಾಣದೇ ಇರಬಹುದು. ವಿಂಡೋಸ್ 11ರಲ್ಲಿ ಹೋಗಬೇಕಾದ ದಾರಿ ಇದು:

```
Settings > Time & language > Language & region
```

ಅಲ್ಲಿ English (United Kingdom) ಎದುರಿಗೆ ಮೂರು ಚುಕ್ಕಿಗಳಿವೆ. ಅದನ್ನು ಒತ್ತಿ Language options ಒಳಹೊಕ್ಕು, Add a keyboard ಎಂಬಲ್ಲಿ US ಆರಿಸಬೇಕು. ಇಲ್ಲಿಗೆ ನಿಲ್ಲಿಸಿಬಿಡುವವರೇ ಹೆಚ್ಚು. ಹಾಗೆ ನಿಲ್ಲಿಸಿದರೆ ಎರಡು ಲೇಔಟುಗಳೂ ಒಂದೇ ಮನೆಯಲ್ಲಿ ಉಳಿಯುತ್ತವೆ, ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ತಗುಲಿದಾಗ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ‘ನಿನ್ನೆ ಸರಿಯಿತ್ತು, ಇವತ್ತು ಮತ್ತೆ ಹಾಗೇ ಆಗಿದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಆದ್ದರಿಂದ ಅದೇ ಪಟ್ಟಿಯಲ್ಲಿರುವ United Kingdom ಕೀಬೋರ್ಡನ್ನು ತೆಗೆದುಹಾಕಬೇಕು. ಭಾಷೆ ಬ್ರಿಟಿಷ್ ಇಂಗ್ಲಿಷೇ ಇರಲಿ, ಕಾಗುಣಿತಕ್ಕೆ ಅದು ಒಳ್ಳೆಯದೇ. ಕೀಬೋರ್ಡ್ ಮಾತ್ರ ಬೇರೆಯಾಗಲಿ. ರಾಸ್‌ಬೆರಿ ಪೈ ಇಟ್ಟುಕೊಂಡವರು ಟರ್ಮಿನಲ್ಲಿನಲ್ಲಿ `sudo raspi-config` ಕೊಟ್ಟು, Localisation Options ಒಳಗೆ Keyboard ಹುಡುಕಬೇಕು.

ಭಾವ ನಾನು ಹೇಳಿದಂತೆಲ್ಲ ಮಾಡಿದರು. @ ತನ್ನ ಮನೆಗೆ ಬಂತು. ಫೋನಿಟ್ಟೆ. ಸಂಜೆ ಮತ್ತೆ ಫೋನು.

“ಏನು ಮಾಡಿಸಿದೆಯೋ ಮಾರಾಯ! ಈಗ ಒಳಗೇ ಬಿಡ್ತಿಲ್ಲ. ಪಾಸ್‌ವರ್ಡ್ ತಪ್ಪು ಅಂತಿದೆ.”

ಇದು ನನಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಮಗಳು ಹೋದ ಮೇಲೆ ಭಾವ ಲ್ಯಾಪ್‌ಟಾಪಿಗೆ ತಮ್ಮದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರು. (ಈಗ ಬದಲಾಯಿಸಿದ್ದಾರೆ, ಆದ್ದರಿಂದ ಹೇಳಬಹುದು.) ಅದು `Tunga@1958`. ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿಗಳು. ಅವರು @ ಎಂದು ನಂಬಿ ಒತ್ತಿದ್ದು ಅಂದಿನ ಬ್ರಿಟಿಷ್ ಲೇಔಟಿನಲ್ಲಿ " ಆಗಿ ಒಳಗೆ ಹೋಗಿದೆ. ಖಚಿತಪಡಿಸಲು ಎರಡನೇ ಸಲ ಕೇಳಿದಾಗಲೂ ಅದೇ ಬೆರಳು, ಅದೇ ತಪ್ಪು, ಎರಡೂ ತಾಳೆಯಾಗಿವೆ. ಅಂದಿನಿಂದ ಇಂದಿನವರೆಗೆ ನಿಜವಾದ ಪಾಸ್‌ವರ್ಡ್ `Tunga"1958`. ಇದು ಅವರಿಗೂ ಗೊತ್ತಿರಲಿಲ್ಲ. ಪ್ರತಿದಿನ ತಪ್ಪು ತಪ್ಪನ್ನೇ ಸರಿಗಟ್ಟಿ ಬಾಗಿಲು ತೆರೆಯುತ್ತಿತ್ತು. ಲೇಔಟ್ ಸರಿಮಾಡಿದೆವು, ಬೆರಳು ಈಗ ನಿಜವಾದ @ ಕಳಿಸಿತು, ಬಾಗಿಲು ಮುಚ್ಚಿತು.

“ಪಾಸ್‌ವರ್ಡ್ ಪಕ್ಕ ಕಣ್ಣಿನ ಚಿತ್ರ ಇದೆಯಲ್ಲ, ಒತ್ತಿ ನೋಡಿದೆ. ಸರಿಯಾಗೇ ಇದೆ. ಆದ್ರೂ ತಪ್ಪು ಅಂತದೆ” ಎಂದು ಭಾವ ಗೋಳಾಡಿದರು. ಕಣ್ಣು ತೋರಿಸಿದ್ದು ನಿಜವೇ. ಆ ಚಿತ್ರ ಈಗ ಹೊಡೆದದ್ದನ್ನು ತೋರಿಸುತ್ತದೆ, ಅಂದು ಒಳಗೆ ಸೇರಿದ್ದನ್ನಲ್ಲ.

“ಭಾವ, @ ಬದಲು ಡಬಲ್ ಕೋಟ್ ಹಾಕಿ. ಕೀ ಮೇಲೆ ಬರೆದಿದೆಯಲ್ಲ, ಅದನ್ನೇ, ಎಂಟರ್ ಪಕ್ಕದ್ದು.”

ಬಾಗಿಲು ತೆರೆಯಿತು.

ಇದೇ ಗಂಟು ಇನ್ನೊಂದು ವೇಷದಲ್ಲೂ ಬರುತ್ತದೆ. ತಪ್ಪು ಲೇಔಟಿನ ಲ್ಯಾಪ್‌ಟಾಪಿನಲ್ಲಿ ಈಮೇಲ್ ಖಾತೆಗೋ ಬ್ಯಾಂಕಿನ ಖಾತೆಗೋ ಪಾಸ್‌ವರ್ಡ್ ಬದಲಿಸಿರುತ್ತೀರಿ. ಲ್ಯಾಪ್‌ಟಾಪಿನಲ್ಲಿ ದಿನಾ ಸರಾಗ ತೆರೆಯುತ್ತದೆ. ಮೊಬೈಲಿನಲ್ಲಿ ಮಾತ್ರ ‘ತಪ್ಪು’ ಎನ್ನುತ್ತದೆ. ಮೊಬೈಲಿನ ಪರದೆಯ ಮೇಲಿನ ಕೀಬೋರ್ಡಿಗೆ ಈ ರೋಗ ತಗಲುವುದಿಲ್ಲ. ಅಲ್ಲಿ ಬರೆದದ್ದೂ ಬೀಳುವುದೂ ಒಂದೇ ತಂತ್ರಾಂಶದ ಕೈಯಲ್ಲಿವೆ. ಮೊಬೈಲ್ ನಿಜ ಹೇಳುತ್ತಿರುತ್ತದೆ, ನಾವು ಅದನ್ನೇ ಬೈಯುತ್ತಿರುತ್ತೇವೆ. ಲೇಔಟ್ ಸರಿಪಡಿಸುವ ಮೊದಲು, ಆ ಕಂಪ್ಯೂಟರಿನಲ್ಲಿ ಇತ್ತೀಚೆಗೆ ಇಟ್ಟ ಪಾಸ್‌ವರ್ಡುಗಳಲ್ಲಿ @, " ಅಥವಾ # ಇವೆಯೇ ಎಂದು ಒಮ್ಮೆ ನೆನಪು ಮಾಡಿಕೊಂಡರೆ ಸಂಜೆಯ ಫೋನು ತಪ್ಪುತ್ತದೆ. ಬರೀ ಅಂಕಿಗಳ ಪಿನ್ ಇಟ್ಟವರಿಗೆ ಈ ತಾಪತ್ರಯವಿಲ್ಲ, ಬ್ರಿಟಿಷ್ ಮತ್ತು ಅಮೆರಿಕದ ಲೇಔಟುಗಳಲ್ಲಿ ಅಂಕಿಗಳ ಜಾಗ ಒಂದೇ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದೆಲ್ಲ ಹಳೆಯ ಕಥೆ ಅನಿಸಿರಬಹುದು. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಪಳಗಿದವರು, ವಿಂಡೋಸ್ ತಾನಾಗಿ ಕೊಡುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಮನೆ’ ಎಂದು ಬರೆಯಲು m, n, e ಒತ್ತಿದರೆ ಪರದೆಯ ಮೇಲೆ ಬೀಳುವುದು ‘ಸಲಾ’. ಯಾರೂ ಆಗ ಕೀಬೋರ್ಡ್ ಕೆಟ್ಟಿದೆ ಎನ್ನುವುದಿಲ್ಲ. ಕೀಗಳ ಮೇಲೆ ಕನ್ನಡ ಅಚ್ಚಾಗಿಲ್ಲವಾದ್ದರಿಂದ ಲೇಔಟ್ ಎಂಬುದು ಒಳಗಿನ ಸಂಗತಿ ಎಂದು ಎಲ್ಲರಿಗೂ ಗೊತ್ತು. ಇಂಗ್ಲಿಷಿಗೆ ಬಂದಾಗ ಅಚ್ಚನ್ನು ನಂಬಿ ಮೋಸಹೋಗುತ್ತೇವೆ. ರೂಪಾಯಿ ಚಿಹ್ನೆಯದೂ ಹೀಗೆಯೇ. 2010ರಲ್ಲಿ ₹ ಬಂದ ಮೇಲೆ ಇಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳ 4ರ ಕೀ ಮೇಲೆ ಅದು ಅಚ್ಚಾಗಿ ಬರುತ್ತಿದೆ. ಆದರೆ ಲೇಔಟ್ US ಇದ್ದರೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೂ ₹ ಬೀಳದು. ಅದಕ್ಕೆ English (India) ಎಂಬ ಕೀಬೋರ್ಡ್ ಬೇಕು. @ ಮತ್ತು " ವಿಷಯದಲ್ಲಿ ಅದು ಅಮೆರಿಕದ ಪದ್ಧತಿಯನ್ನೇ ಅನುಸರಿಸುವುದರಿಂದ, ಇಲ್ಲಿ ಕೊಂಡ ಲ್ಯಾಪ್‌ಟಾಪಿಗೆ ನನ್ನ ಮಟ್ಟಿಗೆ ಅದೇ ಒಳ್ಳೆಯ ಆಯ್ಕೆ. ಭಾವನಿಗೂ ಆಮೇಲೆ ಅದನ್ನೇ ಹಾಕಿಸಿದೆ, ಅಡಿಕೆ ಲೆಕ್ಕ ಬರೆಯಲು ಅವರಿಗೆ ರೂಪಾಯಿ ಗುರುತು ಬೇಕಿತ್ತು.

ಲಂಡನ್ನಿಂದಲೋ ದುಬೈಯಿಂದಲೋ ಯಾರಾದರೂ ತಂದುಕೊಟ್ಟ ಲ್ಯಾಪ್‌ಟಾಪ್ ನಿಮ್ಮಲ್ಲಿದ್ದರೆ ಮೊದಲು ಎರಡರ ಕೀಯನ್ನು ನೋಡಿ. ಅದರ ಮೇಲೆ " ಅಚ್ಚಾಗಿದ್ದರೆ ನಿಮ್ಮದು ಬ್ರಿಟಿಷ್ ಕೀಬೋರ್ಡ್, ಮೇಲೆ ಹೇಳಿದ್ದನ್ನು ತಿರುಗಿಸಿ ಓದಿಕೊಂಡು United Kingdom ಲೇಔಟನ್ನೇ ಇಟ್ಟುಕೊಳ್ಳಿ. ಅಚ್ಚು ನೋಡದೆಯೇ ಟೈಪ್ ಮಾಡುವ ಅಭ್ಯಾಸವಿದ್ದರೆ ನಿಮ್ಮ ಬೆರಳಿಗೆ ಒಗ್ಗಿದ ಲೇಔಟ್ ಯಾವುದೋ ಅದನ್ನು ಹಾಕಿಕೊಳ್ಳಿ, ಬಣ್ಣದ ಮಾತು ಕೇಳಬೇಡಿ. ಮತ್ತೆ, ಯಾವ ಅಂಗಡಿಯಲ್ಲೇ ಆಗಲಿ ಕೀಬೋರ್ಡ್ ಬದಲಿಸಬೇಕು ಎಂದರೆ, ದುಡ್ಡು ಎಣಿಸುವ ಮೊದಲು ಅಲ್ಲೇ ನೋಟ್‌ಪ್ಯಾಡ್ ತೆಗೆಸಿ ಶಿಫ್ಟ್ ಜೊತೆ 3 ಒತ್ತಿಸಿ ನೋಡಿ.